ರಕ್ತಸಂಬಂಧದ ಪ್ರಶ್ನೆಗಳಿಗೆ ವಂಶವೃಕ್ಷ ಬರೆಯುವ ನಿಯಮದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ಮಕ್ಕಳು ಮನೆಗೆ ತಂದ ತಾರ್ಕಿಕ ಸಾಮರ್ಥ್ಯದ ಅಭ್ಯಾಸ ಹಾಳೆಯನ್ನು ನೋಡಿ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ಕೆಲವರು ಡೈರಿಯಲ್ಲಿ ಬರೆದು ಕಳುಹಿಸಿದ್ದೀರಿ, ಕೆಲವರು ಶಾಲೆಗೇ ಬಂದು ಮಾತನಾಡಿದ್ದೀರಿ. ಎಲ್ಲರ ದೂರಿನ ಸಾರ ಒಂದೇ: ಮಗು ಸರಿಯಾದ ಆಯ್ಕೆಗೇ ಗುರುತು ಹಾಕಿದೆ, ಆದರೂ ವಂಶವೃಕ್ಷದ ಚಿತ್ರ ಬರೆದಿಲ್ಲವೆಂದು 2 ಅಂಕಗಳಲ್ಲಿ 1 ಅಂಕವನ್ನು ಕಳೆಯಲಾಗಿದೆ. ಉತ್ತರ ಸರಿಯಿದ್ದ ಮೇಲೆ ಅಂಕ ಕಳೆಯುವುದು ಯಾವ ನ್ಯಾಯ ಎಂದು ಒಬ್ಬ ತಾಯಿ ನನ್ನನ್ನು ನೇರವಾಗಿ ಕೇಳಿದರು. ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಕಳುಹಿಸುವುದು ಸರಿಯಲ್ಲವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಚಿತ್ರಕ್ಕೆ 1 ಅಂಕ, ಆಯ್ಕೆಗೆ 1 ಅಂಕ ಎಂಬುದನ್ನು ತರಗತಿಯಲ್ಲಿ ಹೇಳಲಾಗಿತ್ತೇ ಹೊರತು ಹಾಳೆಯ ಮೇಲೆ ಮುದ್ರಿಸಿರಲಿಲ್ಲ. ಅಂದು ಗೈರುಹಾಜರಾಗಿದ್ದ ಮಕ್ಕಳಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ಈ ಒಂದು ಹಾಳೆಯ ಮಟ್ಟಿಗೆ, ಆಯ್ಕೆ ಸರಿಯಿದ್ದಲ್ಲೆಲ್ಲ ಕಳೆದ ಅಂಕವನ್ನು ಹಿಂದಿರುಗಿಸುತ್ತಿದ್ದೇವೆ. ಮುಂದಿನ ಹಾಳೆಯಿಂದ ನಿಯಮವು ಮೊದಲ ಸಾಲಿನಲ್ಲೇ ಅಚ್ಚಾಗಿರುತ್ತದೆ. ನಿಯಮವನ್ನು ಮಾತ್ರ ನಾವು ಕೈಬಿಡುತ್ತಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ಅದೇ ಹಾಳೆಯ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಿವರಿಸಲು ಅನುಮತಿ ಕೊಡಿ.

ಪ್ರಶ್ನೆ ಹೀಗಿತ್ತು: ‘ಕ ಎಂಬವರು ಖ ಅವರ ಸಹೋದರ. ಖ ಎಂಬವರು ಗ ಅವರ ತಾಯಿ. ಘ ಎಂಬವರು ಕ ಅವರ ತಂದೆ. ಚ ಎಂಬವರು ಖ ಅವರ ತಾಯಿ.’ ಇದರ ಕೆಳಗೆ ಮೂರು ಉಪಪ್ರಶ್ನೆಗಳಿದ್ದವು. ಕ ಅವರು ಗ ಅವರಿಗೆ ಏನಾಗಬೇಕು ಎಂಬುದು ಮೊದಲನೆಯದು. ಗ ಅವರು ಘ ಅವರಿಗೆ ಏನಾಗಬೇಕು ಎಂಬುದು ಎರಡನೆಯದು. ಚ ಅವರು ಗ ಅವರಿಗೆ ಏನಾಗಬೇಕು ಎಂಬುದು ಮೂರನೆಯದು.

ಚಿತ್ರ ಬರೆಯದೆ ಮನಸ್ಸಿನಲ್ಲೇ ಬಿಡಿಸಿದ ಹೆಚ್ಚಿನ ಮಕ್ಕಳು ಮೊದಲನೆಯದಕ್ಕೆ ಸೋದರಮಾವ ಎಂದೂ ಮೂರನೆಯದಕ್ಕೆ ಅಜ್ಜಿ ಎಂದೂ ಸರಿಯಾಗಿಯೇ ಗುರುತಿಸಿದ್ದಾರೆ. ಎರಡನೆಯದಕ್ಕೆ ಮಾತ್ರ ಮೊಮ್ಮಗ ಎಂದು ಗುರುತಿಸಿದ್ದಾರೆ. ಅದು ತಪ್ಪು. ಸರಿಯಾದ ಆಯ್ಕೆ ‘ನಿರ್ಧರಿಸಲು ಸಾಧ್ಯವಿಲ್ಲ’ ಎಂಬುದು, ಏಕೆಂದರೆ ಗ ಗಂಡೋ ಹೆಣ್ಣೋ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಯಾವುದೂ ಹೇಳುವುದಿಲ್ಲ. ಮಕ್ಕಳು ಲೆಕ್ಕ ತಪ್ಪಿದ್ದಲ್ಲ, ಪೀಳಿಗೆಗಳನ್ನು ಎಣಿಸುವುದರಲ್ಲಿಯೂ ತಪ್ಪಿದ್ದಲ್ಲ. ಯಾರೂ ಹೇಳದ ಒಂದು ಸಂಗತಿಯನ್ನು ತಾವೇ ಸೇರಿಸಿಕೊಂಡರು, ಸೇರಿಸಿಕೊಂಡದ್ದು ಅವರ ಅರಿವಿಗೆ ಬರಲಿಲ್ಲ. ಕನ್ನಡದಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು. ‘ಅವನು’, ‘ಅವಳು’ ಎಂದರೆ ಲಿಂಗ ತಕ್ಷಣ ತಿಳಿಯುತ್ತದೆ, ಆದರೆ ಪ್ರಶ್ನೆಪತ್ರಿಕೆಗಳು ಬಳಸುವ ‘ಅವರು’ ಎಂಬ ಗೌರವದ ರೂಪ ಅದನ್ನು ಮುಚ್ಚಿಡುತ್ತದೆ. ಮಗು ‘ಅವರು’ ಎಂದು ಓದಿ, ಮನಸ್ಸಿನಲ್ಲಿ ‘ಅವನು’ ಎಂದು ಕೇಳಿಸಿಕೊಳ್ಳುತ್ತದೆ.

ಈಗ ಇದೇ ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸೋಣ. ನಮ್ಮ ಶಾಲೆಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಇನ್ನೂ ತಿಳಿಯದವರಿಗೆ ವಜ್ರಾಕೃತಿ ಎಂಬ ಗುರುತುಗಳನ್ನು ಕಲಿಸುತ್ತೇವೆ. ಇವು ನಾವು ಕಟ್ಟಿಕೊಂಡ ಗುರುತುಗಳಲ್ಲ, ತಳಿವಿಜ್ಞಾನದ ವಂಶಾವಳಿ ನಕ್ಷೆಗಳಲ್ಲಿ ಬಳಕೆಯಲ್ಲಿರುವಂಥವೇ. ಒಂದೇ ಪೀಳಿಗೆಯವರು ಒಂದೇ ಸಾಲಿನಲ್ಲಿ, ತಂದೆತಾಯಿ ಮೇಲಿನ ಸಾಲಿನಲ್ಲಿ, ಮಕ್ಕಳು ಕೆಳಗಿನ ಸಾಲಿನಲ್ಲಿ ಬರುತ್ತಾರೆ. ಒಡಹುಟ್ಟಿದವರ ನಡುವೆ ಒಂದು ಅಡ್ಡಗೆರೆ, ಗಂಡಹೆಂಡಿರ ನಡುವೆ ಜೋಡಿಗೆರೆ ಎಳೆಯಬೇಕು.

ಮೊದಲ ವಾಕ್ಯ ಓದಿದ ಕೂಡಲೇ ಕ ಅವರಿಗೆ ಚೌಕ ಬರೆಯಬಹುದು. ಪಕ್ಕದಲ್ಲಿ ಖ ಅವರಿಗೆ ವಜ್ರಾಕೃತಿಯನ್ನೇ ಬರೆಯಬೇಕು, ಏಕೆಂದರೆ ‘ಕ ಅವರು ಖ ಅವರ ಸಹೋದರ’ ಎಂಬ ವಾಕ್ಯ ಕ ಗಂಡು ಎಂದು ಹೇಳುತ್ತದೆಯೇ ವಿನಾ ಖ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯ ವಾಕ್ಯದಲ್ಲಿ ಖ ತಾಯಿ ಎಂದು ತಿಳಿಯುತ್ತದೆ. ಆಗ ಆ ವಜ್ರಾಕೃತಿಯ ಸುತ್ತ ವೃತ್ತ ಎಳೆದು, ಅದರ ಕೆಳಗೆ ಗ ಅವರಿಗೆ ಹೊಸದೊಂದು ವಜ್ರಾಕೃತಿ ಬರೆಯಬೇಕು. ಮೂರನೆಯ ವಾಕ್ಯದಿಂದ ಮೇಲಿನ ಸಾಲಿನಲ್ಲಿ ಘ ಅವರ ಚೌಕ, ನಾಲ್ಕನೆಯದರಿಂದ ಅದರ ಪಕ್ಕದಲ್ಲಿ ಜೋಡಿಗೆರೆಯೊಂದಿಗೆ ಚ ಅವರ ವೃತ್ತ ಬರುತ್ತವೆ. ವಾಕ್ಯಗಳು ಮುಗಿದವು. ಈಗ ಹಾಳೆಯ ಮೇಲೆ ಬದಲಾಗದೆ ಉಳಿದಿರುವ ವಜ್ರಾಕೃತಿ ಒಂದೇ, ಅದು ಗ ಅವರದು. ಎರಡನೆಯ ಉಪಪ್ರಶ್ನೆ ಕೇಳುತ್ತಿರುವುದು ಅವರ ಬಗ್ಗೆಯೇ. ಮೊಮ್ಮಗ, ಮೊಮ್ಮಗಳು ಎಂಬ ಎರಡು ಆಯ್ಕೆಗಳ ನಡುವೆ ಊಹೆ ಮಾಡಲು ಹೊರಟ ಮಗುವಿನ ಕೈಯನ್ನು ಆ ವಜ್ರಾಕೃತಿಯೇ ಹಿಡಿದು ನಿಲ್ಲಿಸುತ್ತದೆ.

ಸರಿಯಾದ ಉತ್ತರಕ್ಕೆ ಅಂಕ ಕಳೆದದ್ದೇಕೆ ಎಂದು ಕೇಳಿದ ತಾಯಿಗೆ ನಾನು ಹೇಳಬೇಕಾದದ್ದು ಇಲ್ಲಿದೆ. ಅವರ ಮಗುವಿನ ಹಾಳೆಯಲ್ಲಿ ಮೊದಲನೆಯ ಉತ್ತರ ಸರಿಯಿತ್ತು, ಎರಡನೆಯದು ತಪ್ಪಾಗಿತ್ತು, ಎರಡೂ ಬಂದದ್ದು ಒಂದೇ ದಾರಿಯಿಂದ. ಬರಿಯ ಗುರುತನ್ನು ನೋಡುವ ಶಿಕ್ಷಕಿಗೆ, ಸರಿಯಾದದ್ದು ತಿಳಿದು ಬಂದದ್ದೋ ಅದೃಷ್ಟದಿಂದ ಬಂದದ್ದೋ ಗೊತ್ತಾಗುವುದಿಲ್ಲ. ತಪ್ಪಾದದ್ದು ಎಲ್ಲಿ ತಪ್ಪಿತು ಎಂಬುದೂ ಗೊತ್ತಾಗುವುದಿಲ್ಲ. ಚಿತ್ರವಿದ್ದರೆ ಒಂದು ನೋಟಕ್ಕೆ ತಿಳಿಯುತ್ತದೆ: ಗ ಅವರಿಗೆ ಚೌಕ ಬರೆದಿದ್ದರೆ ಮಗು ಊಹಿಸಿದೆ, ಖ ಅವರನ್ನು ಕ ಅವರ ಕೆಳಗಿನ ಸಾಲಿಗೆ ಇಳಿಸಿದ್ದರೆ ಪೀಳಿಗೆ ತಪ್ಪಿದೆ. ಈ ಎರಡು ತಪ್ಪುಗಳಿಗೆ ಮದ್ದು ಬೇರೆ ಬೇರೆ.

ಇದೇ ಕಾರಣಕ್ಕೆ, ಚಿತ್ರ ಸರಿಯಿದ್ದು ಆಯ್ಕೆ ಮಾತ್ರ ತಪ್ಪಿದ ಮಗುವಿಗೂ 1 ಅಂಕ ಸಿಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಈ ನಿಯಮ ಅಂಕ ಕೀಳುವುದಕ್ಕೆ ಮಾಡಿದ್ದಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಚಿತ್ರಕ್ಕೆ ಅಂಕವಿಲ್ಲ, ಚಿತ್ರ ಬರೆಯುತ್ತ ಕುಳಿತರೆ ಸಮಯ ಹೋಗುತ್ತದೆ ಎಂಬುದು ನಿಮ್ಮಲ್ಲಿ ಬಹಳಷ್ಟು ಮಂದಿಯ ಎರಡನೆಯ ಆಕ್ಷೇಪ. ಅದರಲ್ಲಿ ಮೊದಲರ್ಧ ನಿಜ. ಅಲ್ಲಿ ಆಯ್ಕೆಯನ್ನು ಮಾತ್ರ ನೋಡುತ್ತಾರೆ, ಕಚ್ಚಾ ಕೆಲಸವನ್ನು ಯಾರೂ ನೋಡುವುದಿಲ್ಲ. ಸಮಯದ ಮಾತನ್ನು ಮಾತ್ರ ನಾನು ಒಪ್ಪಲಾರೆ. ಸ್ಕೇಲು ಹಿಡಿದು ಬರೆಯುವ ಅಂದದ ಚಿತ್ರವನ್ನು ನಾವು ಕೇಳುತ್ತಿಲ್ಲ. ಅಂಚಿನಲ್ಲಿ ಗೀಚಿದ ಐದು ಗುರುತು, ನಾಲ್ಕು ಗೆರೆ ಸಾಕು. ಅಭ್ಯಾಸವಾದ ಮಗುವಿಗೆ ಅದು ಅರ್ಧ ನಿಮಿಷದ ಕೆಲಸ. ಒಮ್ಮೆ ಬರೆದ ಚಿತ್ರ ಮೂರು ಉಪಪ್ರಶ್ನೆಗಳಿಗೂ ಸಾಕಾಗುತ್ತದೆ, ಬರೆಯದ ಮಗು ಪ್ರತಿ ಉಪಪ್ರಶ್ನೆಗೂ ನಾಲ್ಕು ವಾಕ್ಯಗಳನ್ನು ಮತ್ತೆ ಮೊದಲಿನಿಂದ ಓದುತ್ತದೆ. ಸಮಯ ಹೋಗುವುದು ಅಲ್ಲಿ. ಎರಡೇ ವಾಕ್ಯಗಳ ಸರಳ ಪ್ರಶ್ನೆಯನ್ನು ಮನಸ್ಸಿನಲ್ಲೇ ಬಿಡಿಸಬಹುದಲ್ಲ ಎಂದು ನೀವು ಕೇಳಬಹುದು. ಬಿಡಿಸಬಹುದು, ಕೆಲವು ಮಕ್ಕಳು ಚೆನ್ನಾಗಿಯೇ ಬಿಡಿಸುತ್ತಾರೆ. ಆದರೆ ಸರಳವೆಂದು ಕಾಣುವ ಪ್ರಶ್ನೆಗಳಲ್ಲೂ ಒಂದು ಜಾತಿಯದು ಮಕ್ಕಳನ್ನು ಮತ್ತೆ ಮತ್ತೆ ಬೀಳಿಸುತ್ತದೆ.

ಫೋಟೋದಲ್ಲಿರುವ ಹುಡುಗನನ್ನು ತೋರಿಸಿ ಒಬ್ಬರು ಹೇಳುತ್ತಾರೆ: ‘ಇವನ ತಾಯಿ ನನ್ನ ತಾಯಿಯ ಒಬ್ಬಳೇ ಮಗಳು.’ ಹೇಳಿದವರು ಹೆಂಗಸಾದರೆ, ಆಕೆಯ ತಾಯಿಯ ಒಬ್ಬಳೇ ಮಗಳು ಆಕೆಯೇ, ಆದ್ದರಿಂದ ಹುಡುಗ ಆಕೆಯ ಮಗ. ಹೇಳಿದವರು ಗಂಡಸಾದರೆ, ತಾಯಿಯ ಒಬ್ಬಳೇ ಮಗಳು ಅವರ ಸಹೋದರಿ, ಹುಡುಗ ಸಹೋದರಿಯ ಮಗ. ವಾಕ್ಯ ಅದೇ, ಉತ್ತರ ಬೇರೆ. ಮಕ್ಕಳು ಹುಡುಗನಿಂದ ಆರಂಭಿಸಿ ವಾಕ್ಯದ ಉದ್ದಕ್ಕೂ ನಡೆಯುತ್ತಾರೆ, ‘ಒಬ್ಬಳೇ’ ಎಂಬ ಪದವನ್ನು ದಾಟಿ ಹೋಗುತ್ತಾರೆ. ನಾವು ಕಲಿಸುವುದು ಮಾತನಾಡುವವರಿಂದ ಆರಂಭಿಸಲು: ಮೊದಲು ‘ನಾನು’ ಎಂದು ಚೌಕವೋ ವೃತ್ತವೋ ಬರೆ, ಮೇಲೆ ತಾಯಿಯನ್ನು ಬರೆ, ಆ ತಾಯಿಯ ಕೆಳಗೆ ಎಷ್ಟು ಹೆಣ್ಣುಮಕ್ಕಳಿಗೆ ಜಾಗವಿದೆ ಎಂದು ನೋಡು, ಕೊನೆಗೆ ಹುಡುಗನನ್ನು ಸೇರಿಸು. ‘ನಾನು’ ವೃತ್ತವಾಗಿದ್ದರೆ ಇನ್ನೊಬ್ಬ ಮಗಳಿಗೆ ಅಲ್ಲಿ ಜಾಗವೇ ಇಲ್ಲವೆಂಬುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಆಕ್ಷೇಪ ಬಂದಿತ್ತು, ಅದು ಪೂರ್ತಿ ಸರಿ. ಒಂದು ಪ್ರಶ್ನೆಯ ಆಯ್ಕೆಗಳಲ್ಲಿ ‘ಅಳಿಯ’ ಎಂದಷ್ಟೇ ಕೊಟ್ಟಿದ್ದೆವು. ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಗಂಡಸಿಗೆ ಸಹೋದರಿಯ ಮಗನೂ ಅಳಿಯ. ಅತ್ತೆ, ಮಾವ, ಸೊಸೆ ಎಂಬ ಪದಗಳದೂ ಇದೇ ಕಥೆ. ಚಿತ್ರ ಸರಿಯಾಗಿ ಬರೆದ ಮಗುವೂ ಅಲ್ಲಿ ಗೊಂದಲಕ್ಕೊಳಗಾಗುವುದು ಸಹಜ. ಆ ಪ್ರಶ್ನೆಗೆ ಎಲ್ಲರಿಗೂ ಪೂರ್ಣ ಅಂಕ ಕೊಟ್ಟಿದ್ದೇವೆ, ಮುಂದೆ ‘ಮಗಳ ಗಂಡ’, ‘ಸಹೋದರಿಯ ಮಗ’ ಎಂದು ಬಿಡಿಸಿಯೇ ಮುದ್ರಿಸುತ್ತೇವೆ. ಇದನ್ನು ಗಮನಿಸಿ ತಿಳಿಸಿದ ಪೋಷಕರಿಗೆ ನಾನು ಕೃತಜ್ಞಳಾಗಿದ್ದೇನೆ.

ಮಕ್ಕಳ ಹಾಳೆಯನ್ನು ನೀವು ಇಷ್ಟು ಅಕ್ಕರೆಯಿಂದ ನೋಡುತ್ತಿರುವುದು ನಮಗೆ ಸಂತೋಷದ ವಿಷಯ, ನಿಮ್ಮ ಬೇಸರವನ್ನೂ ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೂ ಮುಂದಿನ ಹಾಳೆಯಿಂದ, ಚಿತ್ರವಿಲ್ಲದ ಸರಿಯುತ್ತರಕ್ಕೆ 2ರಲ್ಲಿ 1 ಅಂಕ ಮಾತ್ರ. ಚಿತ್ರ ಒರಟಾಗಿದ್ದರೆ, ಗೆರೆ ಸೊಟ್ಟಗಿದ್ದರೆ, ಹೊಡೆದು ತಿದ್ದಿದ್ದರೆ ಅಂಕ ಕಡಿಮೆಯಾಗುವುದಿಲ್ಲ.

ಮನೆಯಲ್ಲಿ ಮಗು ಇಂಥ ಪ್ರಶ್ನೆ ಬಿಡಿಸುವಾಗ ಉತ್ತರ ಕೇಳುವ ಮೊದಲು ಚಿತ್ರ ತೋರಿಸಲು ಹೇಳಿ.

ಅಂಕ ತಿದ್ದಿದ ಹಾಳೆಗಳನ್ನು ಸೋಮವಾರ ಮಕ್ಕಳ ಕೈಯಲ್ಲೇ ಕಳುಹಿಸುತ್ತೇವೆ. ನೋಡಿ, ಸಹಿ ಮಾಡಿ ಹಿಂದಿರುಗಿಸಬೇಕು.

ವಂದನೆಗಳೊಂದಿಗೆ,

ಮುಖ್ಯೋಪಾಧ್ಯಾಯಿನಿ