ನೋಟ್‌ಬುಕ್ಕಿನ ಕೊನೆ ಹಾಳೆಯ ಹನ್ನೊಂದು ಹೆಸರು

ಈ ವಾರ ನಮ್ಮ ಏಳನೇ ತರಗತಿ ಮಕ್ಕಳಿಗೆ ಬೀಳ್ಕೊಡುಗೆ ಇತ್ತು. ಸಕಲೇಶಪುರ ಕಡೆ, ಕಾಫಿ ತೋಟಗಳ ನಡುವೆ ಇರುವ ಪುಟ್ಟ ಸರ್ಕಾರಿ ಶಾಲೆ ನಮ್ಮದು. ಒಟ್ಟು 64 ಮಕ್ಕಳು. ಮುಂದಿನ ವರ್ಷ ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿಗೆ ಅವತ್ತು ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅಂತ ಎದ್ದು ನಿಂತೆ, ಗಂಟಲು ಕಟ್ಟಿ ಅರ್ಧಕ್ಕೇ ಕೂತುಬಿಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯಬೇಡಿ ಮಿಸ್ ಅಂದಿದ್ದಾಳೆ, ಬರೆಯುವುದಿಲ್ಲ.

ಕಳೆದ ಆಗಸ್ಟಿನಲ್ಲಿ ನಮ್ಮ ಕಡೆ ಮಳೆ ಹೇಗಿತ್ತು ಅಂತ ನಿಮಗೆ ನೆನಪಿರಬಹುದು. ಆಗಸ್ಟ್ 10 ಜಂತುಹುಳು ನಿವಾರಣಾ ದಿನ, ಅವತ್ತು ನಮಗೆ ಮಳೆ ರಜೆ. ಅವತ್ತು ತಪ್ಪಿದವರಿಗೆ ಮಾತ್ರೆ ಕೊಡುವ 17ನೇ ತಾರೀಕೂ ರಜೆ. ಶಾಲೆ ತೆರೆದ ಮೇಲೆ ಪಾಠ, ಪರೀಕ್ಷೆ ಅಂತ ನಾವು ಮುಂದೆ ಹೋದೆವು. ಮಾತ್ರೆಯ ನೆನಪು ನನಗೂ ಇರಲಿಲ್ಲ, ಹೆಡ್ ಮಿಸ್ಸಿಗೂ ಇರಲಿಲ್ಲ.

ನೆನಪಿಟ್ಟಿದ್ದು ಅವಳೊಬ್ಬಳೇ. ಅವಳ ಅಮ್ಮ ಅಂಗನವಾಡಿ ಸಹಾಯಕಿ. ಮಳೆ ಬಿಟ್ಟ ಮೇಲೆ ಅಲ್ಲಿ ಪುಟ್ಟ ಮಕ್ಕಳಿಗೆ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸಿದ್ದರು, ಅವಳ ನಾಲ್ಕು ವರ್ಷದ ತಮ್ಮನಿಗೂ ಸಿಕ್ಕಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನ ಹತ್ತಿರ ಬಂದು "ಮಿಸ್, ತಮ್ಮನಿಗೆ ಕೊಟ್ಟಿದ್ದಾರೆ, ನಮಗೆ ಯಾಕೆ ಕೊಟ್ಟಿಲ್ಲ?" ಅಂದಳು. ಆಮೇಲೆ ಕೇಳೋಣ ಇರು ಅಂದೆ.

ಎರಡು ವಾರ ಬಿಟ್ಟು ನೋಟ್‌ಬುಕ್ ಹಿಡಿದುಕೊಂಡು ಮತ್ತೆ ಬಂದಳು. ಕೊನೆ ಹಾಳೆಯಲ್ಲಿ ಹನ್ನೊಂದು ಹೆಸರು, ಒಂದೊಂದರ ಮುಂದೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು. ಮೂರನೇ ತರಗತಿಯ ಒಬ್ಬ ಹುಡುಗ, ಹೊರಗೆ ಹೋದಾಗ ಎರೆಹುಳುವಿನಂಥ ಬಿಳಿ ಹುಳ ಬಿತ್ತು ಅಂತ ಅವಳಿಗೆ ಹೇಳಿದ್ದ. ಇಬ್ಬರು ರಾತ್ರಿಯೆಲ್ಲಾ ಕೂರುವ ಜಾಗ ಕೆರೆದುಕೊಳ್ಳುತ್ತಾರೆ ಅಂತ ಅವರ ಅಕ್ಕಂದಿರು ಹೇಳಿದ್ದರು. ನಾಲ್ಕು ಮಕ್ಕಳಿಗೆ ಪದೇ ಪದೇ ಹೊಟ್ಟೆನೋವು. ಎಲ್ಲಕ್ಕಿಂತ ಮೇಲೆ ಬರೆದಿದ್ದು ಅವಳ ಪಕ್ಕ ಕೂರುವ ಗೆಳತಿಯ ಹೆಸರು. ಆ ಮಗು ಮಧ್ಯಾಹ್ನ ಊಟ ಆದಮೇಲೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿತ್ತು, ನಾನು ಎಷ್ಟೋ ಸಲ ಸೋಮಾರಿ ಅಂತ ಬೈದಿದ್ದೆ. ಪಟ್ಟಿಯಲ್ಲಿ ಹೀಗಿತ್ತು: "ಬಳಪ ತಿಂತಾಳೆ. ಬೋರ್ಡಿನ ಕೆಳಗಿರೋ ಚಾಕ್‌ಪೀಸೂ ತಿಂತಾಳೆ. ಅಂಗೈ ಬಿಳಿ. ಮೆಟ್ಟಿಲು ಹತ್ತಿದ್ರೆ ಏದುಸಿರು. ಚಪ್ಪಲಿ ಇಲ್ಲ."

ಕೊನೆಯ ಎರಡು ಮಾತು ಓದಿ ನನಗೆ ಏನೂ ಹೊಳೆದಿರಲಿಲ್ಲ. ಅದು ಅರ್ಥವಾಗಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಪಟ್ಟಿ ನೋಡಿದ ಮೇಲೆ. ಅವರನ್ನು ಕರೆಸಿದ್ದೂ ಇವಳೇ. ಹೆಡ್ ಮಿಸ್ ಮೊದಲು ಬೇಡ ಅಂದರು. ಯಾರಿಗೆ ತೊಂದರೆ ಇದೆಯೋ ಆ ಹನ್ನೊಂದು ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ, ಎಲ್ಲರಿಗೂ ಮಾತ್ರೆ ಕೊಟ್ಟು ಯಾರಿಗಾದರೂ ಏನಾದರೂ ಆದರೆ ಅನ್ನುವ ಭಯ ಅವರಿಗೆ. ಅವರ ಭಯ ಸುಮ್ನೆ ಅಲ್ಲ, ಒಂದು ಮಗು ವಾಂತಿ ಮಾಡಿದರೂ ಊರೆಲ್ಲಾ ಶಾಲೆ ಮುಂದೆ ಬಂದು ನಿಲ್ಲುತ್ತದೆ. ಇವಳು ವಾದ ಮಾಡಲಿಲ್ಲ. "ಒಂದ್ಸಲ ಸಿಸ್ಟರನ್ನೇ ಕೇಳೋಣ ಮಿಸ್" ಅಂದಳು. ಮಾರನೇ ದಿನ ಆಶಾ ಅಕ್ಕನ ಕೈಲಿ ಅವರಿಗೆ ಹೇಳಿಕಳಿಸಿದಳು.

ಸಿಸ್ಟರ್ ಸ್ಟಾಫ್ ರೂಮಿನಲ್ಲಿ ಕೂತು ನಮಗೆ ಬಿಡಿಸಿ ಹೇಳಿದರು. ಕೊಕ್ಕೆಹುಳುವಿನ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತದೆ, ನೆರಳಿನ ಒದ್ದೆ ಮಣ್ಣಲ್ಲಿ ಮರಿಯಾಗುತ್ತದೆ. ಬರಿಗಾಲಲ್ಲಿ ಆ ಮಣ್ಣು ತುಳಿದರೆ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಆಮೇಲೆ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನಮ್ಮ ಶಾಲೆಯ ಶೌಚಾಲಯಕ್ಕೆ ಆಗ ನೀರಿರಲಿಲ್ಲ, ಮಕ್ಕಳು ಹಿಂದಿನ ಕಾಫಿ ತೋಟಕ್ಕೆ ಹೋಗುತ್ತಿದ್ದರು. ನೆರಳು, ಒದ್ದೆ ಮಣ್ಣು, ಬರಿಗಾಲು ಮೂರೂ ಅಲ್ಲೇ ಇತ್ತು ನೋಡಿ. ರಕ್ತ ಕಡಿಮೆಯಾದ ಮಕ್ಕಳಿಗೆ ಮಣ್ಣು, ಬಳಪ ತಿನ್ನುವ ಆಸೆ ಬರುತ್ತದೆ ಅಂತಲೂ ಹೇಳಿದರು. ಹಲ್ಲು ಕಡಿಯುವುದು, ಕೆನ್ನೆ ಮೇಲಿನ ಬಿಳಿ ಮಚ್ಚೆ ಹುಳದ ಗುರುತು ಅಲ್ಲವಂತೆ, ನಾನು ಇಷ್ಟು ವರ್ಷ ಅದನ್ನೇ ನಂಬಿದ್ದೆ.

ಹನ್ನೊಂದು ಮಕ್ಕಳಿಗೆ ಮಾತ್ರ ಕೊಟ್ಟರೆ ಸಾಲದಾ ಅಂತ ಹೆಡ್ ಮಿಸ್ ಕೇಳಿದಾಗ ಸಿಸ್ಟರ್ ಹೇಳಿದ್ದು ನನಗೆ ಇನ್ನೂ ನೆನಪಿದೆ. ಹುಳ ಇರುವ ಎಷ್ಟೋ ಮಕ್ಕಳಿಗೆ ಹೊರಗೆ ಏನೂ ಕಾಣಿಸುವುದಿಲ್ಲ, ಆದರೆ ಅವರಿಂದ ಮಣ್ಣಿಗೆ ಮೊಟ್ಟೆ ಬೀಳುತ್ತಲೇ ಇರುತ್ತದೆ. ಒಬ್ಬೊಬ್ಬರ ಮಲ ಪರೀಕ್ಷೆ ಮಾಡಿಸುವುದಕ್ಕಿಂತ ಎಲ್ಲರಿಗೂ ಒಂದು ಮಾತ್ರೆ ಕೊಡುವುದು ಸುಲಭ, ಹುಳ ಇಲ್ಲದ ಮಗುವಿಗೂ ಅದರಿಂದ ತೊಂದರೆ ಇಲ್ಲ.

ಮುಂದಿನ ವಾರ ಒಂದು ದಿನ ಗೊತ್ತು ಮಾಡಿದೆವು. ಹಿಂದಿನ ದಿನ ಪೋಷಕರನ್ನು ಕರೆದು ಸಿಸ್ಟರ್ ಕೈಲೇ ಹೇಳಿಸಿದೆವು: ಹೊಟ್ಟೆಯಲ್ಲಿ ಹುಳ ಜಾಸ್ತಿ ಇರುವ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಗಾಬರಿ ಬೇಡ. ಇದನ್ನು ಮೊದಲೇ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಅವತ್ತು ಒಬ್ಬ ಹುಡುಗ ನಿಜವಾಗಿಯೂ ವಾಂತಿ ಮಾಡಿದ. ನೆರಳಲ್ಲಿ ಮಲಗಿಸಿ ನೀರು ಕುಡಿಸಿದೆವು, ಗಂಟೆ ಹೊತ್ತಿನಲ್ಲಿ ಎದ್ದು ಆಡಲು ಓಡಿದ. ಅವನ ಅಪ್ಪ ಬಂದು ನೋಡಿ, ಸಿಸ್ಟರ್ ಹೇಳಿದ್ದೇ ಆಯ್ತಲ್ಲ ಅಂತ ಸಮಾಧಾನವಾಗಿ ಹೋದರು.

ಅವತ್ತು ಬಂದಿದ್ದು 59 ಮಕ್ಕಳು. ಮೂವರಿಗೆ ಜ್ವರ ಇತ್ತು, ಹುಷಾರಿಲ್ಲದವರಿಗೆ ಕೊಡಬಾರದು, ಬಿಟ್ಟೆವು. ಬಿಸಿಯೂಟ ಆದಮೇಲೆ ಉಳಿದ 56 ಮಕ್ಕಳಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದೊಂದು. ನುಂಗಬಾರದು, ಅಗಿದು ತಿನ್ನಬೇಕು, ನಮ್ಮೆದುರೇ ತಿನ್ನಬೇಕು. ಚಿಕ್ಕ ಮಕ್ಕಳಿಗೆ ಎರಡು ಚಮಚದ ನಡುವೆ ಮಾತ್ರೆಯಿಟ್ಟು ಒತ್ತಿ ಪುಡಿ ಮಾಡಿದೆವು. ಇವಳು ನೀರಿನ ಜಗ್ ಹಿಡಿದು ಸಾಲಿನ ಕೊನೆಯಲ್ಲಿ ನಿಂತು, ಅಗಿದು ಮುಗಿಸಿದ ಒಬ್ಬೊಬ್ಬರನ್ನೂ "ಆ ಅನ್ನು" ಅಂತ ಬಾಯಿ ತೆರೆಸಿ ನೋಡುತ್ತಿದ್ದಳು. ಎರಡನೇ ತರಗತಿಯ ಒಬ್ಬ ಕೆನ್ನೆ ಒಳಗೆ ಮಾತ್ರೆ ಬಚ್ಚಿಟ್ಟಿದ್ದ. ನನ್ನ ಕಣ್ಣು ತಪ್ಪಿಸಿದ್ದ, ಅವಳ ಕಣ್ಣು ತಪ್ಪಿಸಲಾಗಲಿಲ್ಲ. ಉಳಿದ ಎಂಟು ಮಕ್ಕಳಿಗೆ ಮುಂದಿನ ವಾರ ಕೊಟ್ಟೆವು.

ಗೆಳತಿಯ ವಿಷಯಕ್ಕೆ ಬರುತ್ತೇನೆ. ಸಿಸ್ಟರ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನಾಳೆಯೇ ರಕ್ತ ಪರೀಕ್ಷೆಗೆ ಕರೆದುಕೊಂಡು ಬನ್ನಿ ಅಂದರು. ಹಿಮೋಗ್ಲೋಬಿನ್ 8.2 ಇತ್ತು. ಮಾತ್ರೆ ಹುಳವನ್ನು ತೆಗೆಯುತ್ತದೆ ಅಷ್ಟೇ, ಹೋದ ರಕ್ತವನ್ನು ತುಂಬುವುದಿಲ್ಲ. ಡಾಕ್ಟರ್ ಹೇಳಿದಂತೆ ಮೂರು ತಿಂಗಳು ದಿನಾ ಕಬ್ಬಿಣಾಂಶದ ಮಾತ್ರೆ ನುಂಗಿದಳು. ಜನವರಿಯಲ್ಲಿ ನೋಡಿದಾಗ 11.4. ಆ ಮಗುವಿಗೆ ನಾನು ಕ್ಷಮೆಯನ್ನೂ ಕೇಳಬೇಕಿತ್ತು, ಕೇಳಿದ್ದೇನೆ.

ಮಣ್ಣಲ್ಲಿ ಮೊಟ್ಟೆ ಇರುವ ತನಕ ಹುಳ ಮತ್ತೆ ಬರುತ್ತದೆ, ಅದಕ್ಕೇ ವರ್ಷಕ್ಕೆ ಎರಡು ಸಲ ಕೊಡುವುದು. ಈ ಫೆಬ್ರವರಿ 10ಕ್ಕೆ ನಾವು ತಪ್ಪಿಸಲಿಲ್ಲ. ಎಸ್‌ಡಿಎಂಸಿಯವರು ಹಣ ಸೇರಿಸಿ ಶೌಚಾಲಯಕ್ಕೆ ಪೈಪ್ ಎಳೆಸಿದ್ದಾರೆ, ಚಪ್ಪಲಿ ಇಲ್ಲದ ಮಕ್ಕಳಿಗೆ ಚಪ್ಪಲಿಯನ್ನೂ ತಂದುಕೊಟ್ಟರು. ಅವರಿಗೆ, ಮನೆ ಮನೆಗೆ ನಡೆದು ಹೇಳಿದ ಆಶಾ ಅಕ್ಕನಿಗೆ, ಅವತ್ತು ಊಟ ಬೇಗ ಮಾಡಿಕೊಟ್ಟ ಅಡುಗೆಯವರಿಗೆ, ಸಿಟ್ಟಿಲ್ಲದೆ ನಮ್ಮ ಪ್ರಶ್ನೆಗೆಲ್ಲಾ ಉತ್ತರ ಕೊಟ್ಟ ಸಿಸ್ಟರಿಗೆ, ಬೇಡ ಅಂದು ಆಮೇಲೆ ಮುಂದೆ ನಿಂತು ಮಾಡಿಸಿದ ನಮ್ಮ ಹೆಡ್ ಮಿಸ್ಸಿಗೆ ನನ್ನ ನಮಸ್ಕಾರ.

ಮತ್ತೆ ನಿನಗೆ, ಪುಟ್ಟಿ. ಬೀಳ್ಕೊಡುಗೆ ಮುಗಿದ ಮೇಲೆ ನೀನು ಸ್ಟಾಫ್ ರೂಮಿಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಬರೆದು ಓಡಿಹೋದೆಯಲ್ಲ, ಆಮೇಲೆ ನೋಡಿದೆ. ಆಗಸ್ಟ್ ಹಾಳೆಯಲ್ಲಿ 10ಕ್ಕೆ ಕೆಂಪು ಸುತ್ತು, ಪಕ್ಕದಲ್ಲಿ "ಮಳೆ ರಜೆ ಬಂದ್ರೆ ಸ್ಕೂಲ್ ತೆಗೆದ ದಿನಾನೇ ಸಿಸ್ಟರಿಗೆ ಫೋನ್ ಮಾಡಿ ಮಿಸ್." ಮಾಡುತ್ತೇನೆ ಕಣೇ.