ಕ್ಯಾಮೆರಾಗೆ ಸಿಗದ ಕೊಂಡುಕುರಿ ಕಾಡಿನಲ್ಲೇ ಇಲ್ಲ ಅಂತ ಬರೆಯುವ ಮುನ್ನ

ಸಂಪಾದಕರಿಗೆ ನಮಸ್ಕಾರ,

ನಮ್ಮೂರ ಪಕ್ಕದ ಕುರುಚಲು ಗುಡ್ಡದಲ್ಲಿ ಕಲ್ಲು ಕ್ವಾರಿಗೆ ಜಾಗ ಕೇಳಿರುವ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಒಂದು ತಿಂಗಳು ಕ್ಯಾಮೆರಾ ಇಟ್ಟರೂ ಕೊಂಡುಕುರಿ ಕಾಣಿಸಿಲ್ಲ, ಹಾಗಾಗಿ ಈ ಗುಡ್ಡದಲ್ಲಿ ಅದು ಇಲ್ಲ ಅಂತ ಅದರಲ್ಲಿ ಬರೆದಿದ್ದೀರಿ. ಕಾಣಿಸಿಲ್ಲ ಅನ್ನುವುದು ನಿಜ ಇರಬಹುದು. ಆದರೆ ಇಲ್ಲ ಅನ್ನುವುದು ಬೇರೆಯೇ ಮಾತು, ಅದನ್ನು ಹೇಳಬೇಕಾದರೆ ಇನ್ನೊಂದು ಲೆಕ್ಕ ಬೇಕು. ಕೆಲವು ವರ್ಷಗಳಿಂದ ಈ ಭಾಗದ ಗುಡ್ಡಗಳಲ್ಲಿ ಸಂಶೋಧನೆ ಮಾಡುವವರ ಜೊತೆ ಕ್ಯಾಮೆರಾ ಕಟ್ಟಲು ಹೋಗುತ್ತಿದ್ದೇನೆ. ಆ ಲೆಕ್ಕವನ್ನು ನಾನು ಕಲಿತದ್ದು ಅಲ್ಲೇ.

ಮೊದಲು ಪ್ರಾಣಿಯ ವಿಷಯ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಅದರ ಹೆಸರಿನಲ್ಲೇ ಒಂದು ವನ್ಯಧಾಮ ಇದೆ, ಹಾಗಾಗಿ ನಮ್ಮ ಜಿಲ್ಲೆಯವರಿಗೆ ಹೆಸರು ಹೊಸದಲ್ಲ. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ತೂಕ ಇಪ್ಪತ್ತು ಕಿಲೋ ಆಸುಪಾಸು. ಜಿಂಕೆಯ ಹಾಗೆ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಓಡಾಡುತ್ತದೆ. ನಾಚಿಕೆ ಸ್ವಭಾವ, ಪೊದೆಯ ಮರೆ ಬಿಟ್ಟು ಸುಲಭಕ್ಕೆ ಬಯಲಿಗೆ ಬರುವುದಿಲ್ಲ. ಇಂಥ ಪ್ರಾಣಿ ಒಂದು ಮರಕ್ಕೆ ಕಟ್ಟಿದ ಒಂದು ಕ್ಯಾಮೆರಾದ ಮುಂದೆ, ಆ ನಾಲ್ಕು ಮಾರು ಜಾಗದಲ್ಲೇ ಹಾದು ಹೋಗಬೇಕು ಅಂದರೆ ಎಷ್ಟು ದಿನ ಬೇಕು ಯೋಚಿಸಿ.

ಹಾದು ಹೋದರೂ ಫೋಟೊ ಬೀಳುತ್ತದೆ ಅಂತ ಗ್ಯಾರಂಟಿ ಇಲ್ಲ. ಈ ಕ್ಯಾಮೆರಾಗಳು ಕಣ್ಣಿನಿಂದ ನೋಡಿ ಫೋಟೊ ತೆಗೆಯುವುದಿಲ್ಲ. ಎದುರಿಗಿರುವ ನೆಲಕ್ಕಿಂತ ಬಿಸಿಯಾದದ್ದೋ ತಂಪಾದದ್ದೋ ಒಂದು ಅಲ್ಲಾಡಿದಾಗ ಅದರ ಸೆನ್ಸರ್‌ಗೆ ಗೊತ್ತಾಗುತ್ತದೆ, ಆಗ ಕ್ಲಿಕ್ ಆಗುತ್ತದೆ. ಡಿಸೆಂಬರ್ ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ಪ್ರಾಣಿ ಬೆಚ್ಚಗಿರುತ್ತದೆ, ಕೆಲಸ ಸಲೀಸು. ಏಪ್ರಿಲ್ ಮಧ್ಯಾಹ್ನ ನಮ್ಮ ಬಂಡೆಗಳು ಪ್ರಾಣಿಯ ಮೈಯಷ್ಟೇ ಕಾದಿರುತ್ತವೆ. ಆಗ ಎರಡಕ್ಕೂ ವ್ಯತ್ಯಾಸವೇ ಸಿಗದೆ ಸೆನ್ಸರ್ ಸುಮ್ಮನಿದ್ದುಬಿಡುತ್ತದೆ. ಕೊಂಡುಕುರಿ ಹಗಲು ಓಡಾಡುವ ಪ್ರಾಣಿ, ಹಾಗಾಗಿ ಈ ತೊಂದರೆ ಅದಕ್ಕೆ ಇನ್ನೂ ಜಾಸ್ತಿ. ನಿಮ್ಮ ವರದಿಯಲ್ಲಿ ಹೇಳಿದ ತಿಂಗಳು ಬೇಸಿಗೆಯದೇ.

ಈಗ ಲೆಕ್ಕಕ್ಕೆ ಬರುತ್ತೇನೆ. 2002ರಲ್ಲಿ ಡ್ಯಾರಿಲ್ ಮೆಕೆಂಝಿ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನ ಇದು. ಕಾಡಿನಲ್ಲಿ ಸಂಶೋಧನೆ ಮಾಡುವವರು ಇದಕ್ಕೆ ಆಕ್ಯುಪೆನ್ಸಿ ಮಾಡೆಲ್ ಅನ್ನುತ್ತಾರೆ. ಇದರಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡುತ್ತಾರೆ. ಆ ಜಾಗದಲ್ಲಿ ಪ್ರಾಣಿ ಇದೆಯಾ? ಇದ್ದರೆ, ನಾವು ನೋಡಿದಷ್ಟು ಹೊತ್ತಿನಲ್ಲಿ ಅದು ಸಿಗುವ ಸಾಧ್ಯತೆ ಎಷ್ಟು? ಖಾಲಿ ಬಂದ ಕ್ಯಾಮೆರಾದಲ್ಲಿ ಈ ಎರಡೂ ಕಲಸಿ ಹೋಗಿರುತ್ತವೆ. ಬಿಡಿಸುವುದು ಹೇಗೆ? ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುವುದರಿಂದ. ಒಂದು ಸಲ ಸಿಕ್ಕ ಜಾಗದಲ್ಲಿ ಪ್ರಾಣಿ ಇದೆ ಅನ್ನುವುದು ಖಚಿತ, ಅಲ್ವಾ? ಹಾಗಾದರೆ ಅದೇ ಜಾಗದಲ್ಲಿ ಉಳಿದ ದಿನ ಸಿಗದೇ ಹೋದದ್ದು ಇಲ್ಲದೆ ಅಲ್ಲ, ತಪ್ಪಿಸಿಕೊಂಡು. ಎಷ್ಟು ಸಲ ತಪ್ಪಿಸಿಕೊಳ್ಳುತ್ತದೆ ಅನ್ನುವುದು ಅಲ್ಲಿಂದ ಗೊತ್ತಾಗುತ್ತದೆ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ, ಸಂಖ್ಯೆಗಳು ಲೆಕ್ಕಕ್ಕೆ ಮಾತ್ರ. ಸುತ್ತಲಿನ ಗುಡ್ಡಗಳಲ್ಲಿ 40 ಜಾಗ, ಪ್ರತಿ ಜಾಗಕ್ಕೆ ಒಂದು ಕ್ಯಾಮೆರಾ, 30 ದಿನ. ಐದೈದು ದಿನ ಸೇರಿಸಿ ಒಂದು ಸರದಿ ಮಾಡಿದರೆ ಆರು ಸರದಿ ಆಯಿತು. ಒಂದು ಸರದಿಯಲ್ಲಿ ಒಂದು ಫೋಟೊ ಬಿದ್ದರೂ ಒಂದೇ ಗುರುತು, ಐವತ್ತು ಬಿದ್ದರೂ ಒಂದೇ ಗುರುತು, ಯಾಕೆಂದರೆ ಕ್ಯಾಮೆರಾ ಮುಂದೆ ಮೇಯುತ್ತಾ ನಿಂತ ಒಂದೇ ಪ್ರಾಣಿ ಹತ್ತು ನಿಮಿಷದಲ್ಲಿ ಐವತ್ತು ಫೋಟೊ ಕೊಡಬಲ್ಲದು. ಸಿಕ್ಕ ಸರದಿಗೆ 1, ಸಿಗದ ಸರದಿಗೆ 0 ಬರೆದರೆ ಒಂದು ಜಾಗದ ದಾಖಲೆ 010010 ಅಂತ ಬರುತ್ತದೆ, ಇನ್ನೊಂದರದ್ದು 000000. ಕೊನೆಗೆ 14 ಜಾಗದಲ್ಲಿ ಕೊಂಡುಕುರಿ ಸಿಕ್ಕಿತು, ಆ ಹದಿನಾಲ್ಕರಲ್ಲಿ ಒಟ್ಟು 23 ಗುರುತು ಅಂತ ಇಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 14 ಜಾಗ, ಆರಾರು ಸರದಿ, ಒಟ್ಟು 84. ಅದರಲ್ಲಿ 23 ಅಂದರೆ 27 ಪ್ರತಿಶತ ಸಿಗುವ ಸಾಧ್ಯತೆ ಅಂತ ಭಾಗಿಸಿಬಿಡುತ್ತಾರೆ. ಅದು ತಪ್ಪು. ಆ ಹದಿನಾಲ್ಕನ್ನು ನಾವು ಆರಿಸಿದ್ದೇ ಕನಿಷ್ಠ ಒಂದು ಸಲ ಸಿಕ್ಕಿದೆ ಅಂತ. ಪ್ರಾಣಿ ಇದ್ದೂ ಆರೂ ಸಲ ತಪ್ಪಿದ ಜಾಗಗಳು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಸರಾಸರಿ ಏರಿ ಕೂತಿರುತ್ತದೆ. ಮಾಡೆಲ್ ಅದನ್ನು ಸೇರಿಸಿಕೊಂಡು ಲೆಕ್ಕ ಹಾಕಿದಾಗ ಒಂದು ಸರದಿಯಲ್ಲಿ ಸಿಗುವ ಸಾಧ್ಯತೆ 20 ಪ್ರತಿಶತದ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಪ್ರತಿ ಸರದಿ ತಪ್ಪುವ ಸಾಧ್ಯತೆ 0.8. ಆರು ಸಲ ಸತತ ತಪ್ಪಲು 0.8 ಅನ್ನು ಆರು ಸಲ ಗುಣಿಸಿ, 0.26 ಬರುತ್ತದೆ. ಪ್ರಾಣಿ ಇರುವ ನಾಲ್ಕು ಜಾಗದಲ್ಲಿ ಒಂದು ಜಾಗ ಇಡೀ ತಿಂಗಳು ಖಾಲಿ ಬರುತ್ತದೆ!

ಹಾಗಾದರೆ ನಮಗೆ ಸಿಕ್ಕ 14 ಜಾಗ ಅನ್ನುವುದು ನಿಜವಾಗಿ ಇರುವುದರ ಮುಕ್ಕಾಲು ಪಾಲು ಮಾತ್ರ. ಇರುವುದು ಸುಮಾರು 19 ಜಾಗದಲ್ಲಿ. ಖಾಲಿ ಬಂದ 26ರಲ್ಲಿ ಐದು ಜಾಗಗಳು ಖಾಲಿ ಅಲ್ಲ, ಆದರೆ ಯಾವ ಐದು ಅಂತ ಗೊತ್ತಿಲ್ಲ. ಖಾಲಿ ಬಂದ ಒಂದೊಂದು ಜಾಗದಲ್ಲೂ ಪ್ರಾಣಿ ಇರುವ ಸಾಧ್ಯತೆ 19 ಪ್ರತಿಶತ. ಈಗ ಕ್ವಾರಿ ಕೇಳಿರುವ ಗುಡ್ಡದಲ್ಲಿ ಇಂಥ ಮೂರು ಕ್ಯಾಮೆರಾ ಇತ್ತು, ಮೂರೂ ಖಾಲಿ ಬಂತು ಅಂದುಕೊಳ್ಳಿ. ಒಂದರ ಸಂಗತಿ ಇನ್ನೊಂದಕ್ಕೆ ಸಂಬಂಧ ಇಲ್ಲ ಅಂತ ಹಿಡಿದರೆ, ಆ ಮೂರರಲ್ಲಿ ಕನಿಷ್ಠ ಒಂದು ಕಡೆ ಕೊಂಡುಕುರಿ ಇರುವ ಸಾಧ್ಯತೆ 47 ಪ್ರತಿಶತ. ನಾಣ್ಯ ಚಿಮ್ಮಿದ ಹಾಗೆ. ಇಂಥದ್ದನ್ನೇ ನಿಮ್ಮ ಪುಟದಲ್ಲಿ "ಇಲ್ಲ" ಅಂತ ಬರೆದದ್ದು, ಅದಕ್ಕೇ ನನಗೆ ಸಿಟ್ಟು ಬಂದದ್ದು.

ಪ್ರಾಣಿ ಇದ್ದರೆ ನೂರಕ್ಕೆ 95 ಸಲ ಸಿಕ್ಕೇ ಸಿಗಬೇಕು ಅನ್ನುವಷ್ಟು ಗಟ್ಟಿಯಾಗಿ ಹೇಳಬೇಕಾದರೆ, ಇದೇ ಲೆಕ್ಕದಲ್ಲಿ 14 ಸರದಿ ಬೇಕು. ಅಂದರೆ 70 ದಿನ. ಆದರೆ ಸುಮ್ನೆ ದಿನ ಎಳೆಯುತ್ತಾ ಹೋಗುವುದೂ ಸರಿಯಲ್ಲ, ಯಾಕೆಂದರೆ ನೋಡುವಷ್ಟು ಕಾಲ ಪ್ರಾಣಿ ಜಾಗ ಬಿಟ್ಟು ಹೋಗುವುದಿಲ್ಲ ಅಂತ ಈ ಲೆಕ್ಕ ನಂಬಿಕೊಂಡಿದೆ. ಕೆರೆ ಕುಂಟೆ ಬತ್ತಿದ ಮೇಲೆ ಅದು ನೀರು ಹುಡುಕಿ ಬೇರೆ ಕಡೆ ಸರಿದರೆ ಆ ನಂಬಿಕೆ ಮುರಿಯಿತು. ಕ್ಯಾಮೆರಾ ನೋಡುವುದು ಒಂದು ಚೂರು ಜಾಗ, ಪ್ರಾಣಿ ಓಡಾಡುವುದು ಅದಕ್ಕಿಂತ ಎಷ್ಟೋ ದೊಡ್ಡ ಜಾಗ. ಹಾಗಾಗಿ ಬರುವ ಸಂಖ್ಯೆಯನ್ನು "ಇಲ್ಲಿ ನೆಲೆಸಿದೆ" ಅಂತ ಓದಬಾರದು, "ಈ ಜಾಗವನ್ನು ಬಳಸುತ್ತದೆ" ಅಂತ ಓದಬೇಕು. ಮಲೆನಾಡಿನ ಹುಲಿಗಳ ಬಗ್ಗೆ ಉಲ್ಲಾಸ್ ಕಾರಂತರು ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ವಿಧಾನ ಇದೆ. ಅಲ್ಲಿ ಅವರು ಕ್ಯಾಮೆರಾ ಬದಲು ಹೆಜ್ಜೆ, ಹಿಕ್ಕೆ ಹುಡುಕುತ್ತಾ ನಡೆದರು, ಒಂದೊಂದು ಜಾಗ ಅಂದರೆ 188 ಚದರ ಕಿಲೋಮೀಟರ್ ಹಿಡಿದರು. ಹುಲಿಯ ಓಡಾಟಕ್ಕೆ ತಕ್ಕ ಅಳತೆ ಅದು.

ಈ ವಿಧಾನ ಎಲ್ಲವನ್ನೂ ಸರಿಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಸಿಕ್ಕ ಜಾಗಗಳಲ್ಲೆಲ್ಲ ಒಂದೊಂದೇ ಸಲ ಸಿಕ್ಕಿದ್ದರೆ, ಮಾಡೆಲ್ ಎಲ್ಲ ಜಾಗದಲ್ಲೂ ಪ್ರಾಣಿ ಇದೆ ಅಂತ ಉತ್ತರ ಕೊಡುತ್ತದೆ, ತಪ್ಪಿನ ಅಂತರವೂ ಸಿಕ್ಕಾಪಟ್ಟೆ ದೊಡ್ಡದಿರುತ್ತದೆ. ಅಂಥ ಉತ್ತರ ಕಂಡರೆ ಪ್ರಾಣಿ ಎಲ್ಲೆಲ್ಲೂ ಇದೆ ಅಂತ ಖುಷಿಪಡಬಾರದು, ಮಾಹಿತಿ ಸಾಲಲಿಲ್ಲ ಅಂತ ತಿಳಿಯಬೇಕು.

ಇನ್ನೊಂದು ಅಪಾಯ ಹೆಣ್ಣು ಕೊಂಡುಕುರಿಯದ್ದು. ಕೊಂಬಿಲ್ಲದ ಹೆಣ್ಣು ಮಸುಕು ಫೋಟೊದಲ್ಲಿ ಕಾಡುಕುರಿಯ ಹಾಗೇ ಕಾಣುತ್ತದೆ, ಹೆಸರೂ ಹತ್ತಿರ ಹತ್ತಿರ. ಒಂದೇ ಒಂದು ಕಾಡುಕುರಿಯನ್ನು ಕೊಂಡುಕುರಿ ಅಂತ ಬರೆದರೂ ಆ ಜಾಗಕ್ಕೆ ಖಚಿತವಾಗಿ ಇದೆ ಅನ್ನುವ ಮುದ್ರೆ ಬೀಳುತ್ತದೆ. ತಪ್ಪಿಸಿಕೊಂಡದ್ದನ್ನು ಈ ಲೆಕ್ಕ ತಿದ್ದುತ್ತದೆ, ತಪ್ಪಾಗಿ ಗುರುತಿಸಿದ್ದನ್ನು ತಿದ್ದುವುದಿಲ್ಲ. ಅದಕ್ಕೇ ನಮ್ಮ ತಂಡದಲ್ಲಿ ಅನುಮಾನದ ಫೋಟೊ ಬಂದರೆ ಇಬ್ಬರು ಬೇರೆ ಬೇರೆ ಕೂತು ನೋಡುತ್ತಾರೆ, ಇಬ್ಬರೂ ಒಪ್ಪದಿದ್ದರೆ ಆ ಗುರುತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕ್ಯಾಮೆರಾ ಸತ್ತ ದಿನಗಳದ್ದೂ ದೊಡ್ಡ ಗೋಳು. ಒಂದು ಸಲ ಕ್ಯಾಮೆರಾ ಬಿಚ್ಚಲು ಹೋದಾಗ ಮೆಮೊರಿ ಕಾರ್ಡ್ ಹನ್ನೊಂದನೇ ದಿನಕ್ಕೇ ತುಂಬಿತ್ತು, ತುಂಬಾ ಊರ ಮೇಕೆಗಳೇ. ಉಳಿದ ಹತ್ತೊಂಬತ್ತು ದಿನಕ್ಕೆ ಯಾರೋ ಸೊನ್ನೆ ಬರೆದುಬಿಟ್ಟಿದ್ದರು. ಸೊನ್ನೆ ಅಂದರೆ ನೋಡಿದೆವು, ಸಿಗಲಿಲ್ಲ ಅಂತ. ಅಲ್ಲಿ ನೋಡೇ ಇರಲಿಲ್ಲ. ಪಟ್ಟಿಯಲ್ಲಿ ಆ ದಿನಗಳ ಮನೆಗಳನ್ನು ಖಾಲಿ ಬಿಡಬೇಕು, R ಅನ್ನುವ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕುವವರು ಅಲ್ಲಿ NA ಅಂತ ಬರೆಯುತ್ತಾರೆ. ನೋಡದ ದಿನಕ್ಕೆ ಸೊನ್ನೆ ಹಾಕಿದರೆ ಸಿಗುವ ಸಾಧ್ಯತೆಯ ಅಂದಾಜೇ ಕೆಟ್ಟುಹೋಗುತ್ತದೆ, ಅದರ ಮೇಲೆ ನಿಂತ ಉಳಿದ ಲೆಕ್ಕವೂ ಕೆಡುತ್ತದೆ.

ಹಾಗಾಗಿ ಮುಂದೆ ಇಂಥ ಸುದ್ದಿ ಹಾಕುವಾಗ ಇಷ್ಟು ಕೇಳಿ ಬರೆಯಿರಿ: ಎಷ್ಟು ಕ್ಯಾಮೆರಾ, ಅದರಲ್ಲಿ ನಿಜಕ್ಕೂ ಎಷ್ಟು ದಿನ ನಡೆದವು, ಯಾವ ತಿಂಗಳು, ಸಿಕ್ಕ ಕಡೆ ಎಷ್ಟು ಸಲ ಸಿಕ್ಕಿತು. ಇಷ್ಟು ಸಿಕ್ಕರೆ ಓದುವವರಲ್ಲಿ ಯಾರಾದರೂ ಮೇಲಿನ ಲೆಕ್ಕವನ್ನು ಕಾಗದದ ಮೇಲೇ ಹಾಕಿಕೊಳ್ಳಬಹುದು.

ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲಿ ಗುಡ್ಡೆ ಬೀಳುತ್ತದೆ. ನಮ್ಮ ಗುಡ್ಡದ ಪೂರ್ವದ ಇಳಿಜಾರಿನಲ್ಲಿ, ಹಳೇ ಗೋಕಟ್ಟೆಯ ಮೇಲ್ಗಡೆ ಅಂಥದ್ದೊಂದು ಗುಡ್ಡೆಯನ್ನು ಕುರಿಗಾಹಿಯೊಬ್ಬರು ತೋರಿಸಿದ್ದಾರೆ. ಹೋದ ಭಾನುವಾರ ನೋಡಿದಾಗ ಮೇಲಿನ ಹಿಕ್ಕೆ ಇನ್ನೂ ಹಸಿಯಾಗಿತ್ತು. ಯಾವ ಪ್ರಾಣಿಯದು ಅಂತ ಹಿಕ್ಕೆ ನೋಡಿ ನಾನು ಹೇಳುವುದಿಲ್ಲ. ನವೆಂಬರ್ ಬರಲಿ, ಬಂಡೆ ತಣಿಯಲಿ, ಸರ್ವೆ ಮಾಡಿದವರು ಬೇರೆ ಜಾಗಗಳ ಜೊತೆಗೆ ಅಲ್ಲಿ ಎರಡು ಕ್ಯಾಮೆರಾ ಕಟ್ಟಲಿ. ದಾರಿ ತೋರಿಸಲು ನಾನು ಬರುತ್ತೇನೆ.

ಇಂತಿ,
ನಿಮ್ಮ ಓದುಗ
ದಾವಣಗೆರೆ ಜಿಲ್ಲೆ