ಸಂಘದ ಸಾಲದ ಒಂದು ಷರತ್ತಿನ ಬಗ್ಗೆ: ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಐದು ವರ್ಷ ಒಂದು ಮೈಕ್ರೊ ಫೈನಾನ್ಸ್ ಕಂಪನಿಗೆ ನಿಮ್ಮ ಕ್ಷೇತ್ರದ ಹಳ್ಳಿಗಳಲ್ಲೇ ಕಂತು ವಸೂಲಿ ಮಾಡಿದವನು. 2025ರಲ್ಲಿ ನಮ್ಮ ಸರ್ಕಾರ ಸಾಲ ವಸೂಲಿ ಕಿರುಕುಳದ ವಿರುದ್ಧ ಕಾನೂನು ತಂತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಆ ಐದು ವರ್ಷದಲ್ಲಿ ನಾನು ಒಬ್ಬರ ಮನೆ ಮುಂದೆಯೂ ಕೂಗಾಡಲಿಲ್ಲ. ಕೂಗಾಡುವ ಅಗತ್ಯವೇ ಇರಲಿಲ್ಲ. ಆ ಕೆಲಸವನ್ನು ಗುಂಪಿನ ಹೆಂಗಸರೇ ನನ್ನ ಪರವಾಗಿ ಮಾಡುತ್ತಿದ್ದರು. ಯಾಕೆಂದರೆ ಗುಂಪಿನಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಉಳಿದವರೆಲ್ಲ ಹೊಣೆ ಎಂಬುದು ಸಾಲದ ಷರತ್ತು.

ಒಂದು ದಿನದ್ದು ಹೇಳುತ್ತೇನೆ. ಬೆಳಿಗ್ಗೆ ಏಳೂವರೆಗೆ ಗ್ರೂಪ್ ಲೀಡರ್ ಮನೆ ಜಗಲಿಯಲ್ಲಿ ಮೀಟಿಂಗ್. ಹತ್ತು ಜನರಲ್ಲಿ ಒಂಬತ್ತು ಜನ ಬಂದಿದ್ದರು. ಬಾರದವರ ಕಂತು 1,150 ರೂಪಾಯಿ. ನಾನು ಹೇಳಿದ್ದು ಒಂದೇ ಮಾತು: "ಪೂರ್ತಿ ದುಡ್ಡು ಆಗೋವರೆಗೆ ಮೀಟಿಂಗ್ ಮುಗಿಯಲ್ಲ ಅಕ್ಕ." ಒಬ್ಬರಿಗೆ ಕೂಲಿಗೆ ಹೊತ್ತಾಗುತ್ತಿತ್ತು, ಇನ್ನೊಬ್ಬರ ಮಗು ಶಾಲೆಗೆ ಹೊರಟಿತ್ತು. ಅರ್ಧ ಗಂಟೆ ಕಾದು ಮೂವರು ಆಕೆಯ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ, ಕೇಳಬಾರದು ಅಂತಲೇ ನಮಗೆ ಕಲಿಸಿದ್ದರು. ಆಮೇಲೆ 600 ರೂಪಾಯಿ ಆಕೆಯಿಂದ ಬಂತು, ಉಳಿದದ್ದನ್ನು ಒಂಬತ್ತು ಜನ ಹಂಚಿಕೊಂಡು ಹಾಕಿದರು. ನನ್ನ ಲೆಕ್ಕದಲ್ಲಿ ಆವತ್ತಿನ ವಸೂಲಿ ನೂರಕ್ಕೆ ನೂರು.

ಒಬ್ಬರು ಕಟ್ಟದಿದ್ದರೆ ಎಲ್ಲರೂ ಹೊಣೆ ಎಂಬ ಈ ಷರತ್ತು ಸುಮ್ನೆ ಹುಟ್ಟಿದ್ದಲ್ಲ. ಅಡವಿಡಲು ಏನೂ ಇಲ್ಲದ ಬಡವರಲ್ಲಿ ಯಾರು ನಂಬಿಕಸ್ಥರು ಅಂತ ಸಾಲ ಕೊಡುವವನಿಗೆ ಗೊತ್ತಿರುವುದಿಲ್ಲ. ಪಕ್ಕದ ಮನೆಯವಳಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಬಳಸಿಕೊಳ್ಳುವ ಉಪಾಯ ಇದು. ಅರ್ಥಶಾಸ್ತ್ರಜ್ಞರು 1990ರಿಂದ ಈಚೆಗೆ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ಇಬ್ಬಿಬ್ಬರ ಗುಂಪು ಅಂತಿಟ್ಟುಕೊಳ್ಳಿ. ಜೊತೆಗಾರ್ತಿ ಎಡವಿದರೆ ಇನ್ನೊಬ್ಬಳು ತನ್ನ ಕಂತಿನ ಮೇಲೆ 4,000 ರೂಪಾಯಿ ಕಟ್ಟಬೇಕು. ಜೋಪಾನವಾಗಿ ನಡೆಯುವವಳು ನೂರಕ್ಕೆ 95 ಸಲ ಸಾಲ ತೀರಿಸುತ್ತಾಳೆ, ಅಪಾಯದ ವ್ಯವಹಾರ ಮಾಡುವವಳು 75 ಸಲ. ಜೋಪಾನದವರು ತಮ್ಮಂಥವರನ್ನೇ ಆರಿಸಿಕೊಳ್ಳುತ್ತಾರೆ, ಉಳಿದವರಿಗೆ ಉಳಿದವರೇ ಸಿಗುತ್ತಾರೆ. ತಾನು ನಿಂತು ಜೊತೆಗಾರ್ತಿ ಎಡವಿದ ಸಲ ಮಾತ್ರ ಆ 4,000 ಕಟ್ಟುವುದರಿಂದ, ಈ ಷರತ್ತು ಜೋಪಾನದವಳಿಗೆ ಸರಾಸರಿ 190 ರೂಪಾಯಿಯ ಹೊರೆ, ಇನ್ನೊಬ್ಬಳಿಗೆ 750. ಅಂದರೆ ಯಾರು ಹೇಗೆ ಅಂತ ಗೊತ್ತಿಲ್ಲದೆಯೇ ಕಂಪನಿ ಅಪಾಯದವರಿಂದ ಜಾಸ್ತಿ ವಸೂಲು ಮಾಡುತ್ತದೆ. ಅದರಿಂದ ಎಲ್ಲರಿಗೂ ಬಡ್ಡಿ ಇಳಿಸಬಹುದು, ಬಡ್ಡಿ ಜಾಸ್ತಿ ಅಂತ ದೂರ ನಿಂತಿದ್ದ ಜೋಪಾನದವರೂ ಸಾಲಕ್ಕೆ ಬರುತ್ತಾರೆ. ನಿಜಕ್ಕೂ ಜಾಣ ಲೆಕ್ಕ.

ಆದರೆ ಈ ಲೆಕ್ಕದಲ್ಲಿ ಒಬ್ಬಳು ಎಡವಿದಾಗ ಇನ್ನೊಬ್ಬಳು ಗಟ್ಟಿಯಾಗಿ ನಿಂತಿರುತ್ತಾಳೆ ಅಂತ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹತ್ತೂ ಜನ ಒಂದೇ ಬೀದಿಯವರು. ಒಂದೇ ಮಳೆ, ಒಂದೇ ರೇಷ್ಮೆ ಗೂಡಿನ ರೇಟು. ಬಿದ್ದರೆ ಎಲ್ಲರೂ ಒಟ್ಟಿಗೇ ಬೀಳುತ್ತಾರೆ. ಆಗ ಯಾರ ಹೊಣೆ ಯಾರು ಹೊರೋದು?

ಅದಕ್ಕಿಂತ ಕೆಟ್ಟದ್ದೂ ಆಗಬಹುದು. 2009ರಲ್ಲಿ ಕೋಲಾರದಲ್ಲಿ ಅಂಜುಮನ್ ಸಮಿತಿ ತನ್ನ ಸಮುದಾಯದವರಿಗೆ ಮೈಕ್ರೊ ಫೈನಾನ್ಸ್ ಕಂತು ಕಟ್ಟಬೇಡಿ ಅಂದಿತು. ಆ ಮಾತು ಅನ್ವಯಿಸದ ಬೇರೆ ಸಮುದಾಯದ ಹೆಂಗಸರೂ, ತಮ್ಮ ಗುಂಪಿನಲ್ಲಿ ಹೆಚ್ಚಿನವರು ನಿಲ್ಲಿಸಿದ್ದ ಕಡೆ, ಕಟ್ಟುವುದನ್ನು ನಿಲ್ಲಿಸಿದರು ಅಂತ ಆಮೇಲೆ ನಡೆದ ಅಧ್ಯಯನ ತೋರಿಸಿತು. ಅವರನ್ನು ದೂರುವ ಹಾಗಿಲ್ಲ. ನಾನು ನನ್ನ ಪಾಲು ಕಟ್ಟಿದರೂ ಗುಂಪು ಸುಸ್ತಿ ಅಂತಲೇ ದಾಖಲಾಗುವುದಾದರೆ, ಮುಂದಿನ ಸಾಲವೂ ಸಿಗದಿದ್ದರೆ, ಯಾಕೆ ಕಟ್ಟಲಿ? ಕಟ್ಟಬಲ್ಲವಳನ್ನೂ ಕಟ್ಟದಂತೆ ಮಾಡುವುದು ಇದೇ ಷರತ್ತು.

ಕಂಪನಿಗಳ ಉತ್ತರ ನಿಮಗೆ ಗೊತ್ತಿದೆ: ವಸೂಲಿ ಅಷ್ಟು ಚೆನ್ನಾಗಿದೆ, ಅಂದಮೇಲೆ ಷರತ್ತು ಕೆಲಸ ಮಾಡುತ್ತಿದೆ. ಆ ಅಂಕಿಯನ್ನು ಬರೆದವನು ನಾನು. ಆಕೆಯ 1,150 ರೂಪಾಯಿಯಲ್ಲಿ 550 ಬೇರೆಯವರದ್ದು ಅಂತ ಅದರಲ್ಲಿ ಎಲ್ಲೂ ಇಲ್ಲ. ಇನ್ನೊಂದು ಕಂಪನಿಯಿಂದ ಸಾಲ ತಂದು ಕಟ್ಟಿದ್ದೂ ಇಲ್ಲ. ಒಬ್ಬಳೇ ಮೂವರ ಹೆಸರಲ್ಲಿ ಸಾಲ ತೆಗೆದು ಬಳಸಿಕೊಂಡದ್ದು ಗುಂಪಿಗೆಲ್ಲ ಗೊತ್ತಿರುತ್ತಿತ್ತು, ನನಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಗುಟ್ಟು ಹೊರಗೆಳೆಯಲು ಮಾಡಿದ ಗುಂಪು ಗುಟ್ಟನ್ನು ಕಾಯುತ್ತಿತ್ತು!

ಷರತ್ತನ್ನೇ ತೆಗೆದು ನೋಡಿದವರಿದ್ದಾರೆ. ಫಿಲಿಪ್ಪೀನ್ಸ್‌ನ ಲೇಯ್ಟೆ ದ್ವೀಪದಲ್ಲಿ ಗ್ರೀನ್ ಬ್ಯಾಂಕ್ ತನ್ನ 169 ಸಾಲ ಕೇಂದ್ರಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಅಲ್ಲಿ ಅವರವರ ಸಾಲಕ್ಕೆ ಅವರವರೇ ಹೊಣೆ ಎಂದಿತು. ವಾರದ ಮೀಟಿಂಗ್ ಹಾಗೇ ಉಳಿಯಿತು. ಮೂರು ವರ್ಷ ಕಳೆದರೂ ಸುಸ್ತಿ ಹೆಚ್ಚಲಿಲ್ಲ. ಮಂಗೋಲಿಯಾದ 40 ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲೂ ಗುಂಪು ಸಾಲಕ್ಕೂ ಒಬ್ಬೊಬ್ಬರ ಸಾಲಕ್ಕೂ ಮರುಪಾವತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಕೂಡ 2002ರ ಹೊತ್ತಿಗೆ ತನ್ನ ಪದ್ಧತಿ ಬದಲಿಸಿ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂದಿತು.

ಇದನ್ನು ಹಿಡಿದು ನೀವು ಸದನದಲ್ಲಿ ಮಾತಾಡುವ ಮೊದಲು ಇದರ ದುರ್ಬಲ ಜಾಗಗಳೂ ನಿಮಗೆ ಗೊತ್ತಿರಲಿ. ಆ 169 ಕೇಂದ್ರಗಳ ಹೆಂಗಸರು ಹಳೆ ಷರತ್ತಿನ ಕಾಲದಲ್ಲೇ ಒಬ್ಬರನ್ನೊಬ್ಬರು ಅಳೆದು ತೂಗಿ ಸೇರಿದ್ದವರು. ಜರಡಿ ಹಿಡಿದಾದ ಮೇಲೆ ಜರಡಿ ಬೇಕಿರಲಿಲ್ಲ ಅಂದ ಹಾಗೆ ಅಲ್ವಾ? ಅದಕ್ಕೇ ಅದೇ ಬ್ಯಾಂಕಿನಲ್ಲಿ ಹೊಸ ಊರುಗಳಲ್ಲೂ ಪ್ರಯೋಗ ನಡೆಯಿತು. ಅಲ್ಲೂ ಸುಸ್ತಿ ಹೆಚ್ಚಲಿಲ್ಲ, ಆದರೆ ಒಬ್ಬೊಬ್ಬರ ಹೊಣೆಯ ಊರುಗಳಲ್ಲಿ ಕೇಂದ್ರ ತೆರೆಯಲು ಸಿಬ್ಬಂದಿ ಹಿಂಜರಿದರು. ಷರತ್ತು ತೆಗೆದರೆ ತೀರಾ ಬಡವರ ಬೀದಿಗೆ ಸಾಲವೇ ಬರದೇ ಹೋಗಬಹುದು ಎಂಬ ಭಯ ನನಗಿದೆ. ನಾನೇ ಆ ಕೆಲಸದಲ್ಲಿದ್ದಿದ್ದರೆ ಖಂಡಿತ ಹಿಂಜರಿಯುತ್ತಿದ್ದೆ. ಇನ್ನೊಂದು, ಈ ಪ್ರಯೋಗಗಳು ಮೀಟಿಂಗ್ ಬೇಡ ಅಂತ ಹೇಳುವುದಿಲ್ಲ. ಕೋಲ್ಕತ್ತಾದಲ್ಲಿ ವಾರವಾರ ಸೇರಿದ ಹೆಂಗಸರು, ತಿಂಗಳಿಗೊಮ್ಮೆ ಸೇರಿದವರಿಗಿಂತ, ಮುಂದಿನ ಸಾಲವನ್ನು ಚೆನ್ನಾಗಿ ತೀರಿಸಿದರು. ಒಟ್ಟಿಗೆ ಕೂರುವುದು ಬೇರೆ, ಪಕ್ಕದವಳ ಕಂತಿಗೆ ತಲೆ ಕೊಡುವುದು ಬೇರೆ.

ಸಾಲಗಾರರ ಮಾಹಿತಿ ಸಿಗದಿದ್ದ ಕಾಲವೂ ಈಗ ಅರ್ಧ ಹೋಗಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಆ ಮನೆಯ ಆದಾಯದ ಅರ್ಧ ದಾಟಬಾರದು. ಇದನ್ನು ಕಂಪನಿ, ಎಲ್ಲರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೊದಲ್ಲಿ ನೋಡಿಯೇ ಸಾಲ ಕೊಡಬೇಕು. ಕೈಸಾಲ, ಊರಿನ ಬಡ್ಡಿ ಸಾಲ ಅದರಲ್ಲಿ ಕಾಣುವುದಿಲ್ಲ, ನಿಜ. ಆದಾಯವನ್ನು ಫಾರಂನಲ್ಲಿ ನಮಗೆ ಬೇಕಾದ ಹಾಗೆ ತುಂಬುತ್ತಿದ್ದೆವು, ಅದೂ ನಿಜ. ಆದರೆ ಅದು ಕಂಪನಿ ಸರಿಯಾಗಿ ಮಾಡಬೇಕಾದ ಕೆಲಸ. ಅದರ ನಷ್ಟವನ್ನು ಒಂಬತ್ತು ಕೂಲಿ ಹೆಂಗಸರು ಯಾಕೆ ತುಂಬಬೇಕು?

ಷರತ್ತನ್ನು ನಾಳೆಯೇ ನಿಷೇಧಿಸಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಅಧಿವೇಶನದಲ್ಲಿ ಸರ್ಕಾರಕ್ಕೆ ಎರಡು ಪ್ರಶ್ನೆ ಹಾಕಿ. ನಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ವಸೂಲಾದ ಕಂತುಗಳಲ್ಲಿ ಸಾಲಗಾರರಲ್ಲದೆ ಗುಂಪಿನ ಬೇರೆಯವರು ಕಟ್ಟಿದ್ದೆಷ್ಟು? ಕಂತು ಪೂರ್ತಿ ಆಗುವವರೆಗೆ ಮೀಟಿಂಗಿನಲ್ಲಿ ಹೆಂಗಸರನ್ನು ಕೂರಿಸಿಕೊಳ್ಳುವುದು ಹೊಸ ಕಾನೂನಿನ ಪ್ರಕಾರ ಕಿರುಕುಳ ಹೌದೋ ಅಲ್ಲವೋ? ಮೊದಲನೆಯದಕ್ಕೆ ಕಂಪನಿಗಳು ಲೆಕ್ಕವೇ ಇಲ್ಲ ಅನ್ನಬಹುದು. ಹಾಗಿದ್ದರೆ ಪ್ರತಿ ಕಂತಿನ ರಶೀದಿಯಲ್ಲಿ ದುಡ್ಡು ಯಾರು ಕೊಟ್ಟರು ಅಂತ ಒಂದು ಸಾಲು ಸೇರಿಸಲಿ. ಯಂತ್ರದಲ್ಲಿ ರಶೀದಿ ಕೊಡುವವನಿಗೆ ಅದು ಹತ್ತು ಸೆಕೆಂಡಿನ ಕೆಲಸ. ನಾನು ಮಾಡಿದವನು, ನನಗೆ ಗೊತ್ತು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ